ಒಂದು ಅಡಿಗೆ ಆರು ಸಾವಿರ: ಕಾಲುಸಂಕಕ್ಕೆ ದುಡ್ಡು ಕೇಳಿದ ಒಂದು ಮೆಸೇಜಿನ ಪ್ರಕರಣ

ಚಿಕ್ಕಮಗಳೂರು ಜಿಲ್ಲೆ, ಕೊಪ್ಪ ಕಡೆಯ ಒಂದು ಊರು. ಹೆಸರು ಹಾಕುವುದು ಬೇಡ ಅಂತ ಅಲ್ಲಿಯವರೇ ಹೇಳಿದ್ದಾರೆ. ಊರಿನ ನಡುವೆ ಒಂದು ಹಳ್ಳ. ಈಚೆ ರಸ್ತೆ, ಶಾಲೆ, ಸೊಸೈಟಿ, ಬಸ್ಸು ನಿಲ್ಲುವ ಜಾಗ. ಆಚೆ ಹನ್ನೊಂದು ಮನೆ. ಬೇಸಿಗೆಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡರೆ ಹಳ್ಳ ದಾಟಬಹುದು. ಜೂನ್ ಹಿಡಿದ ಮೇಲೆ ಅಡಿಕೆ ಮರದ ಸಂಕವೇ ಗತಿ. ನಾಲ್ಕು ಮರ ಒತ್ತಾಗಿ ಮಲಗಿಸಿ, ತಂತಿ ಬಿಗಿದು, ಕೈ ಹಿಡಿಯಲು ಒಂದು ಬಿದಿರು ಕಟ್ಟಿದರೆ ಸಂಕ ಆಯಿತು. ಹಾವಸೆ ಕಟ್ಟಿದ ಮೇಲೆ ಅದರ ಮೇಲೆ ನಡೆಯುವವರನ್ನು ನೋಡಿದರೆ ನೋಡುವವರ ಎದೆಯೇ ಧಸಕ್ ಅನ್ನುತ್ತದೆ.

ಒಂದು ಜುಲೈನಲ್ಲಿ ಸಂಕದ ಒಂದು ಮರ ಮುರಿಯಿತು. ಶಾಲೆ ಹುಡುಗನೊಬ್ಬನ ಕಾಲು ಸಂದಿಯಲ್ಲಿ ಸಿಕ್ಕಿಕೊಂಡಿತು. ಹುಡುಗ ಉಳಿದ, ಪುಸ್ತಕದ ಚೀಲ ಹೋಯಿತು. ಮುಂದಿನ ಮಳೆಗಾಲದೊಳಗೆ ಕಬ್ಬಿಣದ ಸಂಕ ಹಾಕಲೇಬೇಕು ಅಂತ ಊರವರು ಕೂತು ಮಾತಾಡಿದರು. ಪಂಚಾಯಿತಿಗೆ ಅರ್ಜಿ ಹೋಯಿತು. ಮುಂದಿನ ವರ್ಷದ ಕ್ರಿಯಾ ಯೋಜನೆಗೆ ಸೇರಿಸಬಹುದು, ನೀವೇ ಹಾಕಿಕೊಳ್ಳುವುದಾದರೆ ನಮ್ಮ ಆಕ್ಷೇಪವಿಲ್ಲ ಅಂತ ಕಾಗದ ಬಂತು. ಅಂದರೆ ಇನ್ನೂ ಒಂದು ಮಳೆಗಾಲ ಕಾಯಬೇಕು. ಇಲ್ಲದಿದ್ದರೆ ನಾವೇ ದುಡ್ಡು ಎತ್ತಬೇಕು.

ನಾನು ಪೇಟೆಯಲ್ಲಿ ಜೆರಾಕ್ಸ್, ಟೈಪಿಂಗ್ ಅಂಗಡಿ ಇಟ್ಟುಕೊಂಡವನು. ಗಣಪತಿ ಹಬ್ಬದ ರಸೀದಿ ಪುಸ್ತಕ, ದೇವಸ್ಥಾನದ ಜೀರ್ಣೋದ್ಧಾರದ ಮನವಿ, ಎಲ್ಲ ನನ್ನ ಕೈ ಮೇಲೆಯೇ ಹೋಗುತ್ತವೆ. ಈ ಮೆಸೇಜನ್ನೂ ಟೈಪ್ ಮಾಡಿದ್ದು ನಾನೇ. ಹಾಗಾಗಿ ಮುಂದೆ ಬರುವ ತಪ್ಪುಗಳಲ್ಲಿ ನನ್ನ ಪಾಲೂ ಇದೆ.

ಮೊದಲ ಮೆಸೇಜು

ಮಾರ್ಚ್ ಮೂರನೇ ವಾರ ಹೋದದ್ದು ಹೀಗಿತ್ತು:

"ಸಹೃದಯ ಬಂಧುಗಳೇ, ನಮ್ಮ ಊರಿನ ಬಹುದಿನಗಳ ಕನಸಾದ ಕಾಲುಸಂಕದ ನಿರ್ಮಾಣ ಕಾರ್ಯವನ್ನು ಹಮ್ಮಿಕೊಂಡಿದ್ದು, ಸುಮಾರು ಎರಡು ಲಕ್ಷ ರೂಪಾಯಿ ವೆಚ್ಚವಾಗುವ ನಿರೀಕ್ಷೆ ಇದೆ. ಈ ಮಹತ್ಕಾರ್ಯಕ್ಕೆ ತಾವೆಲ್ಲರೂ ತನು ಮನ ಧನಗಳಿಂದ ಸಹಕರಿಸಿ, ಉದಾರವಾಗಿ ದೇಣಿಗೆ ನೀಡಬೇಕಾಗಿ ವಿನಂತಿ."

ಕೆಳಗೆ ಒಂದು ಕ್ಯೂಆರ್ ಕೋಡ್, ಒಂದು ಫೋನ್ ನಂಬರ್, ಹಳ್ಳದ ಒಂದು ಫೋಟೋ. ಊರಿನ ಗುಂಪು, ಬೆಂಗಳೂರಿನಲ್ಲಿರುವ ಊರವರ ಗುಂಪು, ಶಾಲೆಯ ಹಳೇ ವಿದ್ಯಾರ್ಥಿಗಳ ಗುಂಪು, ಮೂರಕ್ಕೂ ಹೋಯಿತು. ಎಷ್ಟೋ ಜನ ಕೈ ಮುಗಿಯುವ ಚಿಹ್ನೆ ಹಾಕಿದರು. ಹನ್ನೆರಡು ದಿನ ಕಳೆದ ಮೇಲೆ ಲೆಕ್ಕ ಹಾಕಿದರೆ ದುಡ್ಡು ಹಾಕಿದವರು ಹದಿನಾಲ್ಕು ಜನ. ಒಟ್ಟು 9,300 ರೂಪಾಯಿ.

"ಜನಕ್ಕೆ ಊರು ಬೇಡ ಆಗಿದೆ ಮಾರಾಯ, ಬೆಂಗಳೂರು ಸೇರಿದ ಮೇಲೆ ಯಾರಿಗೆ ನೆನಪಿರ್ತದೆ" ಅಂತ ಖಜಾಂಚಿ ಬೇಜಾರು ಮಾಡಿಕೊಂಡರು. ನಾನೂ ಹೌದು ಅಂದುಬಿಟ್ಟಿದ್ದೆ. ಅದು ಸುಳ್ಳು ಅಂತ ಗೊತ್ತಾಗಿದ್ದು ಒಂದು ಫೋನಿನಿಂದ.

ಪರದೆಯ ಮೇಲೆ ಬೇರೆ ಹೆಸರು

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಊರಿನ ಹೆಣ್ಣುಮಗಳೊಬ್ಬರು ಖಜಾಂಚಿಗೆ ಫೋನ್ ಮಾಡಿದರು. "ಮಾವ, ಐದು ಸಾವಿರ ಹಾಕೋಣ ಅಂತ ಸ್ಕ್ಯಾನ್ ಮಾಡಿದೆ. ಇದ್ಯಾರ ಹೆಸರು ಬರ್ತಿದೆ? ನಂಗೆ ಗೊತ್ತೇ ಇಲ್ಲದ ಹೆಸರು. ಅದಕ್ಕೆ ನಿಲ್ಲಿಸಿದೆ."

ಅದು ಖಜಾಂಚಿಯವರ ಮಗನ ಖಾತೆ. ಅಪ್ಪನಿಗೆ ಸ್ಮಾರ್ಟ್‌ಫೋನ್ ಬಳಕೆ ಅಷ್ಟಕ್ಕಷ್ಟೆ, ಹಾಗಾಗಿ ಮಗನ ಕ್ಯೂಆರ್ ಕೊಟ್ಟಿದ್ದರು. ಮಗನ ಹೆಸರು ಬ್ಯಾಂಕಿನಲ್ಲಿ ಇನಿಶಿಯಲ್ ಬಿಡಿಸಿ ಉದ್ದಕ್ಕೆ ಇದೆ. ಊರಲ್ಲಿ ಅವನನ್ನು ಆ ಹೆಸರಿನಿಂದ ಯಾರೂ ಕರೆಯುವುದಿಲ್ಲ. ಯುಪಿಐನಲ್ಲಿ ದುಡ್ಡು ಕಳಿಸುವ ಮೊದಲು ಬ್ಯಾಂಕಿನಲ್ಲಿ ಇರುವ ಹೆಸರೇ ಪರದೆ ಮೇಲೆ ಬರುತ್ತದೆ. ಮೋಸದ ಮೆಸೇಜು ನೋಡಿ ನೋಡಿ ಸಾಕಾದ ಜನ ಅಲ್ಲೇ ನಿಲ್ಲುತ್ತಾರೆ, ನಿಲ್ಲಲೂಬೇಕು. ಈ ಹೆಣ್ಣುಮಗಳು ಕೇಳಿದರು. ಕೇಳದೆ ಸುಮ್ನೆ ಫೋನು ಕೆಳಗಿಟ್ಟವರು ಎಷ್ಟು ಜನವೋ. ಆಮೇಲೆ ನಾವೇ ಆರು ಮಂದಿಯನ್ನು ವಿಚಾರಿಸಿದೆವು. ಅವರಲ್ಲಿ ನಾಲ್ವರು ಅದೇ ಮಾತು ಹೇಳಿದರು.

ಇಬ್ಬರ ಹೆಸರಿನಲ್ಲಿ ಹೊಸ ಖಾತೆ ತೆಗೆಯೋಣ ಅಂತ ತೀರ್ಮಾನ ಆಯಿತು. ಒಬ್ಬರು ಖಜಾಂಚಿ, ಇನ್ನೊಬ್ಬರು ಹಳ್ಳದಾಚೆಯ ನಿವೃತ್ತ ಮೇಷ್ಟ್ರು. ದುಡ್ಡು ತೆಗೆಯಲು ಇಬ್ಬರ ಸಹಿಯೂ ಬೇಕು. ಬ್ಯಾಂಕಿಗೆ ಹೋದಾಗ ಇನ್ನೊಂದು ಗಂಟು ಬಿತ್ತು. ಇಬ್ಬರೂ ಸೇರಿ ಸಹಿ ಹಾಕಬೇಕಾದ ಖಾತೆಗೆ ಯುಪಿಐ ಕೊಡಲು ಬರುವುದಿಲ್ಲ ಅಂದರು. ಇಬ್ಬರಲ್ಲಿ ಯಾರೊಬ್ಬರ ಸಹಿ ಇದ್ದರೂ ನಡೆಯುವ ಖಾತೆಯಾದರೆ ಆಗುತ್ತದೆ. ಯೋಚಿಸಿ ನೋಡಿದರೆ ಸರಿಯೇ. ಆಗ ಯುಪಿಐ ಅಂದರೆ ಒಬ್ಬರ ಫೋನು, ಒಬ್ಬರ ಪಿನ್. ಎರಡನೇ ಸಹಿಗೆ ಅಲ್ಲಿ ಜಾಗವೆಲ್ಲಿತ್ತು?

ಈಗ ಒಂದನ್ನು ಆರಿಸಿಕೊಳ್ಳಬೇಕಿತ್ತು. ಕ್ಯೂಆರ್ ಬೇಕಾದರೆ ಒಬ್ಬರ ಸಹಿಯ ಖಾತೆ. ಎರಡು ಸಹಿ ಬೇಕಾದರೆ ಕ್ಯೂಆರ್ ಇಲ್ಲ, ಖಾತೆ ನಂಬರು ಮತ್ತು ಐಎಫ್‌ಎಸ್‌ಸಿ ಮಾತ್ರ. ಕ್ಯೂಆರ್ ಇಲ್ಲದಿದ್ದರೆ ಯಾರೂ ಹಾಕುವುದಿಲ್ಲ ಅಂತ ನಾನು ಗಟ್ಟಿಯಾಗಿ ವಾದಿಸಿದೆ. ಮೇಷ್ಟ್ರು ಒಪ್ಪಲಿಲ್ಲ. "ಸಾವಿರಕ್ಕೆ ಕ್ಯೂಆರ್ ಹುಡುಕುವವನು ಹುಡುಕಲಿ. ಆರು ಸಾವಿರ ಹಾಕುವವನು ಸಹಿ ಎಷ್ಟು ಅಂತ ನೋಡ್ತಾನೆ" ಅಂದರು. ಎರಡು ಸಹಿಯ ಖಾತೆಯೇ ಆಯಿತು. ಫೋನ್‌ಪೇ, ಗೂಗಲ್ ಪೇ ಒಳಗೇ ಖಾತೆ ನಂಬರಿಗೆ ಕಳಿಸುವ ದಾರಿ ಇರುವುದರಿಂದ ನಾನು ಹೆದರಿದಷ್ಟು ತೊಂದರೆ ಆಗಲಿಲ್ಲ. ವಯಸ್ಸಾದವರು ಮಾತ್ರ ನಂಬರು ಒತ್ತಲು ಪರದಾಡಿದರು. ಅವರಿಗೆ ಅಂತ ಸೊಸೈಟಿ ಹತ್ತಿರ ನಗದು ತೆಗೆದುಕೊಂಡು ರಸೀದಿ ಕೊಡುವ ಏರ್ಪಾಡು ಮಾಡಿದೆವು.

"ಸುಮಾರು ಎರಡು ಲಕ್ಷ" ಹೋಗಿ 1,68,000 ಬಂತು

ಹೆಸರಿನ ಗೊಂದಲ ಒಂದೇ ಆಗಿದ್ದರೆ ಖಾತೆ ಬದಲಿಸಿ ಹಳೇ ಮೆಸೇಜನ್ನೇ ಮತ್ತೆ ಹಾಕಬಹುದಿತ್ತು. ವಿಚಾರಿಸಿದ ಆರು ಮಂದಿಯಲ್ಲಿ ಒಬ್ಬರು ಇನ್ನೊಂದು ಮಾತು ಹೇಳಿದ್ದರು. "ಎಷ್ಟು ಹಾಕ್ಬೇಕು ಅಂತ ಗೊತ್ತಾಗ್ಲಿಲ್ಲ. ಐನೂರು ಹಾಕಿದ್ರೆ ನಗ್ತಾರೆ, ಐದು ಸಾವಿರ ಹಾಕಿದ್ರೆ ಮನೇಲಿ ಬೈತಾರೆ. ಆಮೇಲೆ ನೋಡೋಣ ಅಂತ ಬಿಟ್ಟೆ."

ಅಂದಾಜು ಬಿಟ್ಟು ಲೆಕ್ಕಕ್ಕೆ ಇಳಿದೆವು. ವೆಲ್ಡಿಂಗ್ ಶಾಪಿನವರನ್ನೂ ಮೇಸ್ತ್ರಿಯನ್ನೂ ಹಳ್ಳದ ಹತ್ತಿರ ಕರೆದುಕೊಂಡು ಹೋದೆವು. ಟೇಪು ಹಿಡಿದು ಅಳೆದಾಗ ದಡದಿಂದ ದಡಕ್ಕೆ 28 ಅಡಿ. ಎರಡೂ ಬದಿಯ ಕಲ್ಲುಕಟ್ಟೆಯ ಮೇಲೆ ಕೂರಲು ಬೀಮು 33 ಅಡಿ ಬೇಕು. ಕಲ್ಲುಕಟ್ಟೆಗೆ ಕಲ್ಲು, ಸಿಮೆಂಟು, ಮೇಸ್ತ್ರಿ ಕೂಲಿ ಸೇರಿ 54,000. ಎರಡು ಐ ಬೀಮಿಗೆ 50,000. ತುಳಿಯುವ ಗೆರೆ ಪ್ಲೇಟಿಗೆ 26,000. ಎರಡೂ ಬದಿಯ ಹಿಡಿಕೆ ಪೈಪಿಗೆ 12,000. ವೆಲ್ಡಿಂಗ್ ಮತ್ತು ಬಣ್ಣಕ್ಕೆ 18,000. ಲಾರಿಗೆ 8,000. ಒಟ್ಟು 1,68,000. ಪಾಯ ತೋಡುವುದು, ಕಲ್ಲು ಹೊರುವುದು ಊರವರದ್ದೇ ಕೆಲಸ, ಅದು ಲೆಕ್ಕದಲ್ಲಿಲ್ಲ.

ಈ ಮೊತ್ತವನ್ನು 28 ಅಡಿಗೆ ಭಾಗಿಸಿದ್ದು ಮೇಷ್ಟ್ರ ಸೊಸೆ. ಅಡುಗೆಮನೆ ಬಾಗಿಲಲ್ಲಿ ನಿಂತು "ಅಡಿಗೆ ಸರಿಯಾಗಿ ಆರು ಸಾವಿರ ಆಯ್ತಲ್ಲ" ಅಂದರು. ಒಂದು ರೂಪಾಯಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಇಡೀ ಪ್ರಕರಣ ಅಲ್ಲಿ ತಿರುಗಿತು ಅಂತ ನನಗೆ ಈಗಲೂ ಅನಿಸುತ್ತದೆ. 1,68,000 ಅಂದರೆ ಓದುವವನಿಗೆ ಯಾರೋ ಹೊರಬೇಕಾದ ಗುಡ್ಡ. ಅರ್ಧ ಅಡಿ ಅಂದರೆ ಅವನ ಕಾಲು ಇಡುವಷ್ಟು ಜಾಗ. ಎಷ್ಟು ಹಾಕಬೇಕು ಅನ್ನುವ ಪ್ರಶ್ನೆಗೆ ಉತ್ತರವೂ ಅದರಲ್ಲೇ ಇತ್ತು.

ಮೆಸೇಜು ಬರೆಯುವ ಮೊದಲು ಇನ್ನೊಂದು ಕೆಲಸ ಮಾಡಿದೆವು. ಆಚೆಯ ಹನ್ನೊಂದು ಮನೆಯವರೇ ಮೊದಲು ಹಾಕಲಿ ಅಂತ ಕೇಳಿದೆವು. ತಮಗೆ ಆದಷ್ಟು ಹಾಕಿದರು. ಸೇರಿದ್ದು 44,000. ಹಳೆಯ 9,300ನ್ನೂ ಹೊಸ ಖಾತೆಗೆ ತಂದಾಗ ಒಟ್ಟು 53,300 ಆಯಿತು. ಅಂದರೆ ಹತ್ತಿರ ಹತ್ತಿರ ಒಂಬತ್ತು ಅಡಿ.

ಇನ್ನು ಫೋಟೋ. ಮೊದಲ ಮೆಸೇಜಿನ ಫೋಟೋ ತೆಗೆದದ್ದು ಮಾರ್ಚಿನಲ್ಲಿ. ಹಳ್ಳದಲ್ಲಿ ಪಾದ ಮುಳುಗುವಷ್ಟು ನೀರು, ಕಲ್ಲಿನ ಮೇಲೆ ಒಂದು ಬಕ ನಿಂತಿತ್ತು. ನೋಡಿದರೆ ಪ್ರವಾಸಕ್ಕೆ ಹೋಗೋಣ ಅನಿಸುತ್ತಿತ್ತೇ ಹೊರತು ಸಂಕ ಬೇಕು ಅನಿಸುತ್ತಿರಲಿಲ್ಲ. ಆಚೆ ಮನೆಯ ಹುಡುಗಿಯೊಬ್ಬಳ ಫೋನಿನಲ್ಲಿ ಹಿಂದಿನ ಜುಲೈನ 14 ಸೆಕೆಂಡಿನ ವಿಡಿಯೋ ಸಿಕ್ಕಿತು. ಕೆಂಪು ನೀರು ಅಡಿಕೆ ಮರಗಳಿಗೆ ತಾಗಿಕೊಂಡು ಹರಿಯುತ್ತಿದೆ, ಕೊಡೆ ಮಡಚಿಕೊಂಡ ಒಬ್ಬರು ಅಡ್ಡಡ್ಡ ಹೆಜ್ಜೆ ಇಡುತ್ತಿದ್ದಾರೆ. ಮಕ್ಕಳ ಮುಖ ಕಾಣುವ ಇನ್ನೊಂದು ವಿಡಿಯೋವೂ ಇತ್ತು. ಅದನ್ನು ಹಾಕಿದ್ದರೆ ಜನ ಇನ್ನೂ ಕರಗುತ್ತಿದ್ದರೇನೋ. ಆದರೆ ಮಕ್ಕಳ ಮುಖ ಎಲ್ಲೆಲ್ಲಿ ಹೋಗಿ ಕೂರುತ್ತದೋ ಅಂತ ತಾಯಂದಿರು ಬೇಡ ಅಂದರು, ಬಿಟ್ಟೆವು.

ಏಪ್ರಿಲ್ 11ಕ್ಕೆ ಹೋದ ಎರಡನೇ ಮೆಸೇಜು ಇದು. ಹೆಸರು, ನಂಬರು ತೆಗೆದಿದ್ದೇನೆ:

"ಹಳ್ಳದಾಚೆಯ 11 ಮನೆಗೆ ಮಳೆಗಾಲದಲ್ಲಿ ಅಡಿಕೆ ಮರದ ಸಂಕ ಬಿಟ್ಟರೆ ದಾರಿ ಇಲ್ಲ. ಕಳೆದ ಜುಲೈನಲ್ಲಿ ಅದು ಮುರಿದು ಶಾಲೆ ಹುಡುಗ ಬಿದ್ದಿದ್ದ. ವಿಡಿಯೋ ಜೊತೆಗಿದೆ.

ಜೂನ್ ಒಳಗೆ 28 ಅಡಿಯ ಕಬ್ಬಿಣದ ಕಾಲುಸಂಕ ಹಾಕುತ್ತಿದ್ದೇವೆ. ಖರ್ಚು 1,68,000 ರೂ. ಕೊಟೇಷನ್ ಫೋಟೋ ಕೆಳಗಿದೆ. ಪಂಚಾಯಿತಿಗೆ ಅರ್ಜಿ ಕೊಟ್ಟಿದ್ದೇವೆ. ಈ ವರ್ಷ ಆಗುವುದಿಲ್ಲ, ನಾವು ಹಾಕಿಕೊಳ್ಳಲು ಆಕ್ಷೇಪವಿಲ್ಲ ಎಂದು ಬರೆದುಕೊಟ್ಟಿದ್ದಾರೆ.

ಆಚೆಯ 11 ಮನೆಯವರು ಸೇರಿ 44,000 ಹಾಕಿದ್ದಾರೆ. ಬೇರೆಯವರಿಂದ 9,300 ಬಂದಿದೆ. ಬೇಕಿರುವುದು ಇನ್ನು 1,14,700.

ಒಂದು ಅಡಿ ಸಂಕಕ್ಕೆ 6,000 ರೂ. ಅರ್ಧ ಅಡಿಗೆ 3,000. ಕಾಲು ಅಡಿಗೆ 1,500. ಎಷ್ಟು ಆಗುತ್ತದೋ ಅಷ್ಟು. ದುಡ್ಡು ಆಗದಿದ್ದರೆ ಭಾನುವಾರ ಕೆಲಸಕ್ಕೆ ಬನ್ನಿ.

ಖಾತೆ ಇಬ್ಬರ ಹೆಸರಿನಲ್ಲಿದೆ, ದುಡ್ಡು ತೆಗೆಯಲು ಇಬ್ಬರ ಸಹಿ ಬೇಕು. ಕಳಿಸುವಾಗ ಮೇಷ್ಟ್ರ ಪೂರ್ತಿ ಹೆಸರು ಕಾಣುತ್ತದೆ. ಬೇರೆ ಹೆಸರು ಬಂದರೆ ಕಳಿಸಬೇಡಿ, ಫೋನ್ ಮಾಡಿ. ಹಿಂದಿನ ಕ್ಯೂಆರ್ ಕೋಡ್ ಬಳಸಬೇಡಿ.

ಕೊನೆಯ ದಿನ ಮೇ 10. ಕೊಟ್ಟವರ ಹೆಸರು ಹಾಕುತ್ತೇವೆ, ಮೊತ್ತ ಹಾಕುವುದಿಲ್ಲ. ದುಡ್ಡು ಉಳಿದರೆ ಮುಂದಿನ ವರ್ಷದ ಬಣ್ಣಕ್ಕೆ ಇಡುತ್ತೇವೆ. ಬಿಲ್ಲುಗಳನ್ನು ಇದೇ ಗುಂಪಿಗೆ ಹಾಕುತ್ತೇವೆ."

ಇದರಲ್ಲಿ ಉದಾರವಾಗಿ ಅನ್ನುವ ಮಾತೇ ಇಲ್ಲ. ಖಜಾಂಚಿಗೆ ಅದು ಕೊಂಚ ಒರಟು ಅನಿಸಿತು. "ವಿನಂತಿ ಅಂತಾದ್ರೂ ಹಾಕು ಮಾರಾಯ" ಅಂದರು. ಹಾಕಲಿಲ್ಲ. ಪಂಚಾಯಿತಿಯ ವಿಷಯ ಬರೆದದ್ದಕ್ಕೆ ಕಾರಣ ಇದೆ. ಮೊದಲ ಸಲ "ಇದು ಸರ್ಕಾರ ಮಾಡಬೇಕಾದ ಕೆಲಸ" ಅಂತ ಗುಂಪಿನಲ್ಲಿ ಒಬ್ಬರು ಹಾಕಿದ್ದರು. ಅದರ ಮೇಲೆ ಎರಡು ದಿನ ಚರ್ಚೆ ನಡೆದು, ದುಡ್ಡಿನ ಮಾತು ಮರೆತೇ ಹೋಗಿತ್ತು. ಈ ಸಲ ಆ ಪ್ರಶ್ನೆ ಬರಲೇ ಇಲ್ಲ.

ಬಂದದ್ದು, ಬೇಡ ಅಂದದ್ದು

ಮೊದಲ ದಿನವೇ ಮೂರು ಅಡಿ ಬಂತು. ಹೌದು, ನಾವೂ ಅಡಿಯಲ್ಲೇ ಲೆಕ್ಕ ಹೇಳಲು ಶುರು ಮಾಡಿದ್ದೆವು. ಎರಡು ದಿನಕ್ಕೊಮ್ಮೆ "ಇಂದಿಗೆ ಹದಿನೇಳು ಅಡಿ, ಹಳ್ಳದ ನಡು ದಾಟಿದೆವು" ಅಂತ ಒಂದು ಸಾಲು ಹಾಕುತ್ತಿದ್ದೆ. ಅಣ್ಣ ತಮ್ಮ ಸೇರಿ ಒಂದು ಅಡಿ, ಒಂದೇ ಬೆಂಚಿನಲ್ಲಿ ಕೂತಿದ್ದ ನಾಲ್ವರು ಸೇರಿ ಒಂದು ಅಡಿ, ಹೀಗೆ ಗುಂಪು ಕಟ್ಟಿಕೊಂಡು ಹಾಕಿದರು. ಇದನ್ನು ನಾವು ಯೋಚಿಸಿಯೇ ಇರಲಿಲ್ಲ.

ಅದೇ ಅಡಿ ಲೆಕ್ಕ ಒಂದು ತಲೆನೋವನ್ನೂ ತಂತು. ಒಬ್ಬರು ಎರಡು ಅಡಿ ಹಾಕುತ್ತೇನೆ, ಆ ಎರಡು ಅಡಿಯ ಮೇಲೆ ನಮ್ಮ ತಂದೆಯ ಹೆಸರು ಕೆತ್ತಿಸಿ ಅಂದರು. ಮಾತು ಒಳ್ಳೆಯದೇ. ಆದರೆ ಒಬ್ಬರಿಗೆ ಹೂಂ ಅಂದರೆ ಉಳಿದವರಿಗೂ ಅನ್ನಬೇಕು. ಹೆಸರನ್ನು ತುಳಿದುಕೊಂಡು ಓಡಾಡುವುದು ಹೇಗೆ ಅಂತ ಮೇಷ್ಟ್ರು ನಕ್ಕರು. ಆಗುವುದಿಲ್ಲ ಅಂದೆವು. ಅವರು ಒಂದೇ ಅಡಿ ಹಾಕಿದರು. ಆರು ಸಾವಿರ ಹೋಯಿತು ಅಂತ ಖಜಾಂಚಿ ಇವತ್ತಿಗೂ ಹೇಳುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ.

ಆಚೆಯ ಎರಡು ಮನೆಯವರು ಕೂಲಿ ಮಾಡಿ ಬದುಕುವವರು. ಮೊತ್ತದ ಪಟ್ಟಿ ಹಾಕಿದ್ದರೆ ಅವರ ಹೆಸರು ಕೊನೆಯಲ್ಲಿ, ಸಣ್ಣ ಅಂಕಿಯ ಜೊತೆ ಇರುತ್ತಿತ್ತು. ಮೊತ್ತ ಹಾಕುವುದಿಲ್ಲ ಅಂತ ಮೊದಲೇ ಬರೆದದ್ದು ಅವರಿಗೋಸ್ಕರ. ಲೆಕ್ಕ ನೋಡಬೇಕು ಅನ್ನುವವರಿಗೆ ಸೊಸೈಟಿಯಲ್ಲಿ ಪುಸ್ತಕ ಇಟ್ಟಿದ್ದೆವು. ನೋಡಲು ಬಂದವರು ಇಬ್ಬರೇ. ಅತಿ ಹೆಚ್ಚು ಭಾನುವಾರ ಪಾಯ ತೋಡಿದ್ದು ಆ ಎರಡು ಮನೆಯವರೇ.

ಇನ್ನೊಂದು ದುಡ್ಡನ್ನು ನಾವೇ ಬೇಡ ಅಂದೆವು. ಊರಿನವರೇ ಒಬ್ಬರು, ಅಮೆರಿಕದಲ್ಲಿ ಇದ್ದು ಅಲ್ಲಿಯ ಪೌರತ್ವ ಪಡೆದವರು, ಐನೂರು ಡಾಲರ್ ಕಳಿಸುತ್ತೇನೆ ಅಂದರು. ನನಗೆ ಗೊತ್ತಿರುವ ಆಡಿಟರ್ ಹತ್ತಿರ ಸುಮ್ನೆ ಕೇಳಿದೆ, ಕೇಳಿದ್ದು ಒಳ್ಳೆಯದಾಯಿತು. ಬೇರೆ ದೇಶದ ಪೌರರಿಂದ ಇಂಥ ಕೆಲಸಕ್ಕೆ ದೇಣಿಗೆ ತೆಗೆದುಕೊಂಡರೆ ಅದು ವಿದೇಶಿ ವಂತಿಗೆ. ಎಫ್‌ಸಿಆರ್‌ಎ ಅನ್ನುವ ಕಾನೂನಿನ ಪ್ರಕಾರ ನೋಂದಣಿಯೋ ಸರ್ಕಾರದ ಮುಂಗಡ ಅನುಮತಿಯೋ ಇಲ್ಲದವರು ಮುಟ್ಟುವ ಹಾಗಿಲ್ಲ. ಹುಟ್ಟಿದ್ದು ಇಲ್ಲೇ ಅಂದರೂ ಕಾನೂನು ನೋಡುವುದು ಪಾಸ್‌ಪೋರ್ಟನ್ನು. ದುಬೈನಲ್ಲಿ ಕೆಲಸ ಮಾಡುವ ಇನ್ನೊಬ್ಬರದ್ದು ಭಾರತದ ಪಾಸ್‌ಪೋರ್ಟೇ. ಅವರು ತಮ್ಮ ಸಂಬಳದಿಂದ ಬ್ಯಾಂಕಿನ ಮೂಲಕ ಹಾಕಿದ್ದಕ್ಕೆ ತೊಂದರೆ ಇರಲಿಲ್ಲ. ಅಮೆರಿಕದವರಿಗೆ ಇದನ್ನು ಹೇಳುವುದು ಕಷ್ಟವಾಯಿತು. ನಮ್ಮೂರಿನ ಹಳ್ಳಕ್ಕೆ ನಾನು ಪರದೇಶಿಯಾ ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ಸಾಲನ್ನು ಮೆಸೇಜಿನಲ್ಲೇ ಹಾಕಿದ್ದರೆ ಅವರ ಮನಸ್ಸು ನೋಯುತ್ತಿರಲಿಲ್ಲ. ಈಗ ಯಾರು ಟೈಪ್ ಮಾಡಿಸಲು ಬಂದರೂ ನಾನೇ ಸೇರಿಸುತ್ತೇನೆ.

ಮೇ 10ಕ್ಕೆ ಎರಡನೇ ಮೆಸೇಜಿನಿಂದ ಬಂದದ್ದು 1,11,700. ಬೇಡ ಅಂದರೂ ಹಳೇ ಕ್ಯೂಆರ್‌ಗೆ ಬಿದ್ದದ್ದು 3,500. ಅದನ್ನೂ ಈ ಖಾತೆಗೆ ತಂದು ಗುಂಪಿನಲ್ಲಿ ತಿಳಿಸಿದೆವು. ಎಲ್ಲ ಸೇರಿ 1,68,500.

ಬೀಮು ತಿರುಗಲಿಲ್ಲ

ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆವು. ಮೇ ಮೂರನೇ ವಾರ ಬೀಮು ಹೊತ್ತ ಲಾರಿ ಬಂತು. ಊರಿಗೆ ಇಳಿಯುವ ದಾರಿಯಲ್ಲಿ ಕಾಫಿ ತೋಟದ ಪಕ್ಕ ಒಂದು ತಿರುವಿದೆ. 33 ಅಡಿಯ ಬೀಮು ಅಲ್ಲಿ ತಿರುಗಲೇ ಇಲ್ಲ. ಹಿಂದೆ ಮುಂದೆ ಮಾಡಿ ನೋಡಿದ ಡ್ರೈವರ್ ಕೊನೆಗೆ ಅಲ್ಲೇ ಇಳಿಸಿ ಹೊರಟರು. ಹಳ್ಳ ಅಲ್ಲಿಂದ ಇನ್ನೂ ಒಂದು ಕಿಲೋಮೀಟರ್. ಒಂದೊಂದು ಬೀಮು ಸುಮಾರು 370 ಕಿಲೋ. ತುಂಡು ಮಾಡಿ ಆಮೇಲೆ ಬೆಸೆಯೋಣ ಅಂತ ಯಾರೋ ಅಂದರು. ವೆಲ್ಡಿಂಗಿನವರು ನಡುವಿನಲ್ಲಿ ಜೋಡಣೆ ಬಂದರೆ ಬಲ ಹೋಗುತ್ತದೆ ಅಂತ ಒಪ್ಪಲಿಲ್ಲ. ಕೊನೆಗೆ ಟ್ರ್ಯಾಕ್ಟರ್ ತರಿಸಿ, ಬೀಮಿನ ಹಿಂದಿನ ತುದಿಯನ್ನು ಗಾಲಿಯ ಮೇಲೆ ಕೂರಿಸಿ, ಆಳು ಹಿಡಿದು ಎಳೆಸಿದರು. ಎರಡು ದಿನ, 11,400 ರೂಪಾಯಿ.

ಒಟ್ಟು ಖರ್ಚು 1,79,400 ಆಯಿತು. 10,900 ಕಡಿಮೆ ಬಿತ್ತು. ಉಳಿದರೆ ಏನು ಮಾಡುತ್ತೇವೆ ಅಂತ ಮೆಸೇಜಿನಲ್ಲಿ ಬರೆದಿದ್ದೆವು. ಕಡಿಮೆ ಬಿದ್ದರೆ ಏನು ಅಂತ ಬರೆದಿರಲಿಲ್ಲ. ಮತ್ತೆ ಕೇಳೋಣವೇ ಅಂತ ಒಂದು ಸಂಜೆ ಪೂರ್ತಿ ಚರ್ಚೆ ಆಯಿತು. ಇಪ್ಪತ್ತೆಂಟು ಅಡಿಯೂ ಆಯಿತು ಅಂತ ಸಂಭ್ರಮದಿಂದ ಹಾಕಿದ ಮೇಲೆ ಇಪ್ಪತ್ತೊಂಬತ್ತನೇ ಅಡಿ ಕೇಳಲು ಯಾರಿಗೂ ಬಾಯಿ ಬರಲಿಲ್ಲ. ಆಚೆಯ ಮನೆಯವರೇ ಮತ್ತೆ ಹಾಕಿದರು. ಅದು ಸರಿಯಾಗಲಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಮೊದಲೇ ಅಡಿಗೆ ಆರೂವರೆ ಸಾವಿರ ಅಂದಿದ್ದರೆ 14,000 ಕೈಯಲ್ಲಿರುತ್ತಿತ್ತು, ಯಾರೂ ಆಕ್ಷೇಪ ಮಾಡುತ್ತಿರಲಿಲ್ಲ. ಲೆಕ್ಕ ಸರಿಯಾಗಿ ಭಾಗವಾದ ಖುಷಿಯಲ್ಲಿ ಲಾರಿ ಹೋಗುವ ದಾರಿಯನ್ನು ಅಳೆಯುವುದನ್ನೇ ಮರೆತಿದ್ದೆವು.

ಮೊದಲ ಮಳೆ ಜೋರಾಗುವ ಐದು ದಿನ ಮುಂಚೆ ಹಿಡಿಕೆ ಪೈಪು ಕೂತಿತು. ಬಿಲ್ಲುಗಳ ಫೋಟೋ, ಪಾಸ್‌ಬುಕ್ಕಿನ ಪುಟ, ಟ್ರ್ಯಾಕ್ಟರ್ ಲೆಕ್ಕದ ಸಮೇತ ಗುಂಪಿಗೆ ಹಾಕಿದೆವು. ಕಡಿಮೆ ಬಿದ್ದದ್ದು ಎಷ್ಟು, ಹಾಕಿದ್ದು ಯಾರು ಅನ್ನುವುದನ್ನೂ ಮುಚ್ಚಲಿಲ್ಲ. ಅದನ್ನು ಓದಿ ಮೂರು ಜನ ತಾವಾಗಿ ಫೋನ್ ಮಾಡಿ, ಮೊದಲೇ ಯಾಕೆ ಹೇಳಲಿಲ್ಲ ಅಂತ ಬೈದರು.

ಆಗಸ್ಟ್‌ನಲ್ಲಿ ಮೈಸೂರಿನಿಂದ ಒಬ್ಬರು ಖಜಾಂಚಿಗೆ ಫೋನ್ ಮಾಡಿದರು. ಯಾವುದೋ ಗುಂಪಿನಲ್ಲಿ ಮಾರ್ಚಿನ ಮೊದಲ ಮೆಸೇಜು ಬಂದಿದೆಯಂತೆ, ಸಾವಿರ ರೂಪಾಯಿ ಹಾಕಬೇಕು ಅಂತಿದ್ದೇನೆ ಅಂದರು. ನಮ್ಮ ಗುಂಪುಗಳಲ್ಲಿ ಅಳಿಸಿ ಎಷ್ಟೋ ದಿನವಾಗಿತ್ತು. ಆದರೆ ಬೇರೆಯವರು ಮುಂದೆ ಕಳಿಸಿದ ಪ್ರತಿ ನಮ್ಮ ಕೈಯಲ್ಲಿರುವುದಿಲ್ಲ. ಅದರಲ್ಲಿ ತಾರೀಕೂ ಇರಲಿಲ್ಲ, ಕೊನೆಯ ದಿನವೂ ಇರಲಿಲ್ಲ.

"ಸಂಕ ಆಗಿ ಎರಡು ತಿಂಗಳಾಯ್ತು ಸಾರ್" ಅಂದರು ಖಜಾಂಚಿ.

"ಹೌದಾ? ಹಾಗಾದ್ರೆ ಬಣ್ಣಕ್ಕೋ ಏನಕ್ಕೋ ಇಟ್ಕೊಳ್ಳಿ."

"ಬೇಡ ಸಾರ್, ಅದು ನನ್ನ ಮಗನ ಖಾತೆ" ಅಂದು, ಒಂದು ಸಲ ಬಂದು ಸಂಕ ದಾಟಿ ಹೋಗಿ ಅಂತ ಕರೆದರು.